ಎರಡಿಂಚು ಚೀಟಿಯಲ್ಲಿ ಕನ್ನಡದ ಬಿಲ್ಲು

ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ಕೂತ ಪುಟ್ಟ ಪ್ರಿಂಟರಿಗೆ ಶಾಯಿ ಬೇಡ. ಬಿಸಿ ತಾಗಿದಲ್ಲಿ ಕಾಗದವೇ ಕಪ್ಪಾಗುತ್ತದೆ. ಕಾಗದದ ಅಗಲ 58 ಮಿಲಿಮೀಟರ್. ಅಚ್ಚಾಗುವುದು ಸಾಮಾನ್ಯವಾಗಿ 48 ಮಾತ್ರ, ಅಂದರೆ ಸಾಲಿಗೆ 384 ಚುಕ್ಕಿ.

ಇಂಗ್ಲಿಷ್ ಬಿಲ್ಲಿಗೆ ಇದು ಸುಲಭ. ಪ್ರತಿ ಅಕ್ಷರಕ್ಕೂ 12 ಚುಕ್ಕಿ, ಸಾಲಿಗೆ 32 ಅಕ್ಷರ. ನಡುವೆ ಖಾಲಿ ಜಾಗ ತುಂಬಿದರೆ ಮೊತ್ತಗಳು ನೇರ ನಿಲ್ಲುತ್ತವೆ. ಕನ್ನಡದಲ್ಲಿ ಈ ಲೆಕ್ಕ ನಡೆಯದು. ‘ರ’ಗಿಂತ ‘ಮೌ’ ಬಹಳ ಅಗಲ, ‘ಉತ್ತಪ್ಪ’ದ ಒತ್ತುಗಳು ಕೆಳಗಿಳಿಯುತ್ತವೆ. ಮೇಲಾಗಿ ಹೆಚ್ಚಿನ ಪ್ರಿಂಟರುಗಳೊಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. ಹಾಗೇ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳೋ ಗೀಚುಗಳೋ ಬರುತ್ತವೆ.

ಹಾಗಾಗಿ ಬಿಲ್ಲಿಂಗ್ ತಂತ್ರಾಂಶವೇ ಸಾಲನ್ನು ಚಿತ್ರವಾಗಿ ಬರೆದು ಕಳಿಸಬೇಕು. ಆಗ ಅಳತೆ ಅಕ್ಷರದ್ದಲ್ಲ, ಚುಕ್ಕಿಯದು.

ಎರಡು ಮಸಾಲೆ ದೋಸೆಗೆ 140 ರೂಪಾಯಿ, ಎರಡು ಕಾಫಿಗೆ 40 ಎಂದಿಟ್ಟುಕೊಳ್ಳಿ. ಒಟ್ಟು 180ಕ್ಕೆ ಶೇ. 5 ಜಿಎಸ್‌ಟಿ, ಅದು ಕೇಂದ್ರ, ರಾಜ್ಯ ಎಂದು ಎರಡು ಸಾಲಾಗಿ ತಲಾ 4.50 ಎಂದು ಬರುತ್ತದೆ. ಕೊನೆಗೆ 189.00. ಈ ಅಂಕಿಯ ಅಗಲ 72 ಚುಕ್ಕಿಯಾದರೆ, 384ರಿಂದ ಕಳೆದು 312ನೇ ಚುಕ್ಕಿಯಿಂದ ಬರೆಯಬೇಕು. 4.50ನ್ನೂ ಹೀಗೆಯೇ ಬಲತುದಿಗೆ ಒತ್ತಿದರೆ ದಶಾಂಶ ಬಿಂದುಗಳು ಒಂದರ ಕೆಳಗೊಂದು ಬೀಳುತ್ತವೆ, ಗಿರಾಕಿಯ ಕಣ್ಣೇ ಕೂಡಿಸಿ ನೋಡುತ್ತದೆ.

ಉದ್ದದ ಹೆಸರನ್ನು ಅರ್ಧಕ್ಕೆ ಕತ್ತರಿಸುವುದಕ್ಕಿಂತ ಎರಡನೇ ಸಾಲಿಗೆ ಇಳಿಸುವುದೇ ಲೇಸು. ಪರೀಕ್ಷೆಗೆ ‘ಈರುಳ್ಳಿ ಉತ್ತಪ್ಪ’ ಸಾಕು: ಒತ್ತಿನ ಬುಡ ಕತ್ತರಿಸಿದ್ದರೆ ಸಾಲಿನ ಎತ್ತರ ಸಾಲದು ಎಂದರ್ಥ.