ಮಂಡಿ ನೆಲಕ್ಕಿಳಿಯದಿದ್ದರೆ

ಚಕ್ಕಳಮಕ್ಕಳ ಹಾಕಿ ಕೂತಾಗ ಮಂಡಿಗಳು ಸೊಂಟಕ್ಕಿಂತ ಮೇಲೆ ನಿಲ್ಲುತ್ತವೆಯೇ? ಹೆಚ್ಚಾಗಿ ತಡೆ ಇರುವುದು ಮಂಡಿಯಲ್ಲಲ್ಲ, ಸೊಂಟದ ಕೀಲಿನಲ್ಲಿ. ಅಲ್ಲಿ ತೊಡೆ ಸುಮಾರು 90 ಡಿಗ್ರಿ ಮಡಚಿ, ಪಕ್ಕಕ್ಕೆ ಅಗಲಿ, ಹೊರಕ್ಕೂ ತಿರುಗಬೇಕು. ತೊಡೆಯ ಒಳಬದಿಯ, ಪೃಷ್ಠದ ಆಳದ ಸ್ನಾಯುಗಳು ಬಿಗಿಯಾಗಿದ್ದರೆ ಅದು ಆಗದು. ಆಗ ಸೊಂಟದ ಮೂಳೆ ಹಿಂದಕ್ಕೆ ವಾಲಿ ಬೆನ್ನು ಬಾಗುತ್ತದೆ; ಮೈಯನ್ನು ಮುಂದಕ್ಕೆಳೆದು ಹಿಡಿಯುವ ಸೋಆಸ್ ಸ್ನಾಯು ಬೇಗ ದಣಿಯುತ್ತದೆ.

ಮಂಡಿ ಸೊಂಟಕ್ಕಿಂತ ಕೆಳಗಾಗುವಷ್ಟು ಕಂಬಳಿ ಮಡಚಿ ಪೃಷ್ಠದಡಿ ಇಡಿ, ಬೆನ್ನು ಸುಲಭವಾಗಿ ನೆಟ್ಟಗಾಗುತ್ತದೆ. ಒಳತೊಡೆಯ ಎಳೆತ ಸ್ನಾಯುವಿನದು, ಅಭ್ಯಾಸದಿಂದ ಸಡಿಲುತ್ತದೆ. ತೊಡೆಸಂದಿನಲ್ಲಿ ಚುಚ್ಚಿ ತಡೆದಂತಾದರೆ ಮೂಳೆಯ ಆಕಾರವೇ ಅಡ್ಡಿಯಿರಬಹುದು. ಅದು ಹಿಗ್ಗಿಸಿದರೆ ಬದಲಾಗದು. ಮಂಡಿಯನ್ನು ಕೈಯಿಂದ ಮಾತ್ರ ಒತ್ತಬೇಡಿ: ಸೊಂಟ ತಿರುಗದಿದ್ದರೆ ಆ ತಿರುಚು ಮಂಡಿಯ ಮೇಲೇ ಬೀಳುತ್ತದೆ.