ಮೂರ್ಛೆರೋಗದ ಮಾತ್ರೆಗಳು ಮತ್ತು ಗಂಡಸರ ಕಾಮಾಸಕ್ತಿ

ಮೂರ್ಛೆರೋಗವಿರುವ ಗಂಡಸರಲ್ಲಿ ಕಾಮಾಸಕ್ತಿ ಕುಗ್ಗುವುದಕ್ಕೂ ನಿಮಿರುವಿಕೆ ಸಡಿಲವಾಗುವುದಕ್ಕೂ ಎರಡು ಬೇರುಗಳಿವೆ. ಒಂದು ರೋಗದ್ದು, ಇನ್ನೊಂದು ಮಾತ್ರೆಯದು. ರೋಗದ ಬೇರು ಹೆಚ್ಚಾಗಿ ಕಾಣುವುದು ಕಿವಿಯ ಬದಿಗಿರುವ ಟೆಂಪೊರಲ್ ಹಾಲೆಯಿಂದ ಹುಟ್ಟುವ ಫಿಟ್ಸ್‌ನಲ್ಲಿ. ಈ ಹಾಲೆಯ ಒಳಭಾಗಕ್ಕೂ ಹೈಪೊಥಲಾಮಸ್‌ಗೂ ನೇರ ನರಸಂಪರ್ಕವಿದೆ. ವೃಷಣಗಳು ಟೆಸ್ಟೋಸ್ಟಿರಾನ್ ತಯಾರಿಸುವಂತೆ ಪಿಟ್ಯುಟರಿ ಗ್ರಂಥಿಯ ಮೂಲಕ ಸೂಚನೆ ಹೊರಡುವುದು ಹೈಪೊಥಲಾಮಸ್‌ನಿಂದಲೇ. ಮಿದುಳಿನಲ್ಲಿ ವಿದ್ಯುತ್ ಗಲಿಬಿಲಿ ಪದೇಪದೇ ನಡೆದರೆ ಆ ಸೂಚನೆಯ ಲಯ ಕೆಡುತ್ತದೆ. ಜೊತೆಗೆ ಖಿನ್ನತೆ, ಹಾಸಿಗೆಯಲ್ಲೇ ಫಿಟ್ಸ್ ಬಂದೀತೆಂಬ ಅಂಜಿಕೆ ಸೇರಿಕೊಳ್ಳುತ್ತವೆ.

ಮಾತ್ರೆಗಳ ಪೈಕಿ ಈ ದೂರಿಗೆ ಹೆಚ್ಚಾಗಿ ಗುರಿಯಾಗುವವು ಫೆನಿಟಾಯಿನ್, ಕಾರ್ಬಮಜೆಪಿನ್ ಮತ್ತು ಫಿನೋಬಾರ್ಬಿಟಾಲ್. ಅಗ್ಗದ, ಫಿಟ್ಸ್ ತಡೆಯುವಲ್ಲಿ ಪಳಗಿದ ಔಷಧಿಗಳಿವು. ಆದರೆ ಇವು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತವೆ, ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನೂ ಹೆಚ್ಚಿಸುತ್ತವೆ. ಈ ಪ್ರೋಟೀನು ರಕ್ತದಲ್ಲಿ ಹರಿಯುವ ಟೆಸ್ಟೋಸ್ಟಿರಾನನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಕಟ್ಟಿಬಿದ್ದ ಹಾರ್ಮೋನು ಜೀವಕೋಶದೊಳಗೆ ಹೋಗಲಾರದು. ಕೆಲಸ ಮಾಡುವುದು ಬಿಡಿಯಾಗಿ ಉಳಿದ ಸ್ವಲ್ಪ ಅಂಶ ಮಾತ್ರ.

ವೈದ್ಯರು ಕೂಡ ಎಡವುವುದು ಇಲ್ಲಿಯೇ. ಎಂಟು ವರ್ಷಗಳಿಂದ ದಿನಕ್ಕೆ 800 ಮಿ.ಗ್ರಾಂ ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿರುವ 34 ವರ್ಷದ ಒಬ್ಬ ಗಂಡಸನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಫಿಟ್ಸ್ ನಿಂತು ಬಹಳ ಕಾಲವಾಗಿದೆ, ಆದರೆ ಆಸೆ ಬತ್ತಿದೆ, ಬೆಳಗಿನ ಜಾವದ ನಿಮಿರುವಿಕೆಯೂ ಇಲ್ಲ. ಅವನ ಒಟ್ಟು ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 520 ನ್ಯಾನೊಗ್ರಾಂ. ಲ್ಯಾಬ್ ವರದಿಯಲ್ಲಿ ಅದು ಸಹಜವೆಂದೇ ಬರುತ್ತದೆ, ‘ಎಲ್ಲ ಮನಸ್ಸಿನದು’ ಎಂಬ ಮಾತು ಕೇಳಿಸಿಕೊಂಡು ಅವನು ಮನೆಗೆ ಮರಳುತ್ತಾನೆ. ಎಸ್‌ಎಚ್‌ಬಿಜಿಯನ್ನೂ ಅಳೆದರೆ ಚಿತ್ರ ಬದಲಾಗುತ್ತದೆ. ಅದು ಲೀಟರಿಗೆ 35 ನ್ಯಾನೊಮೋಲ್ ಇದ್ದಿದ್ದರೆ, ಲೆಕ್ಕಹಾಕಿದ ಬಿಡಿ ಟೆಸ್ಟೋಸ್ಟಿರಾನ್ ಮಿಲಿಲೀಟರಿಗೆ ಸುಮಾರು 106 ಪಿಕೊಗ್ರಾಂ ಬರುತ್ತಿತ್ತು. ಅವನದು 85 ಇರುವುದರಿಂದ ಅದು ಸುಮಾರು 55ಕ್ಕೆ ಇಳಿಯುತ್ತದೆ. ಒಟ್ಟು ಪ್ರಮಾಣ ಒಂದೇ, ಬಳಕೆಗೆ ದಕ್ಕುವುದು ಅರ್ಧ. ಒಟ್ಟು ಅಂಕಿಯೊಂದನ್ನೇ ನಂಬಿ ರೋಗಿಯ ಮಾತನ್ನು ತಳ್ಳಿಹಾಕುವುದು ಅನ್ಯಾಯ.

ರಕ್ತವನ್ನು ಬೆಳಗ್ಗೆ 8ರಿಂದ 10ರೊಳಗೆ ಕೊಡಬೇಕು. ಟೆಸ್ಟೋಸ್ಟಿರಾನ್ ಆ ಹೊತ್ತಿನಲ್ಲಿ ಗರಿಷ್ಠ ಮಟ್ಟದಲ್ಲಿರುತ್ತದೆ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೊಮ್ಮೆ ಪರೀಕ್ಷಿಸಬೇಕು. ಜೊತೆಗೆ ಪ್ರೊಲಾಕ್ಟಿನ್ ನೋಡುವುದಾದರೆ ಫಿಟ್ಸ್ ಬಂದ ದಿನ ಬೇಡ. ದೊಡ್ಡ ಫಿಟ್ಸ್ ಆದ ಕೂಡಲೇ ಪ್ರೊಲಾಕ್ಟಿನ್ ಕೆಲಹೊತ್ತು ಏರಿ ದಾರಿ ತಪ್ಪಿಸುತ್ತದೆ. ನಿದ್ದೆಯಲ್ಲಿ, ಬೆಳಗಿನ ಜಾವದಲ್ಲಿ ನಿಮಿರುವಿಕೆ ಚೆನ್ನಾಗಿದ್ದು ಹೆಂಡತಿಯ ಜೊತೆಯಲ್ಲಿ ಮಾತ್ರ ಕೈಕೊಟ್ಟರೆ ಅಂಜಿಕೆಯ ಕಡೆ ಗಮನ ಹರಿಸಬೇಕು. ಸಕ್ಕರೆ ಕಾಯಿಲೆ, ಬಿ.ಪಿ., ಖಿನ್ನತೆಗೆ ಕೊಟ್ಟ ಮಾತ್ರೆಗಳನ್ನೂ ಮರೆಯುವಂತಿಲ್ಲ.

ಕಾರಣ ಮಾತ್ರೆಯೆಂದು ಕಂಡರೆ ನರರೋಗ ತಜ್ಞರು ಯಕೃತ್ತಿನ ಕಿಣ್ವಗಳನ್ನು ಅಷ್ಟಾಗಿ ಕೆಣಕದ ಔಷಧಿಗೆ ಬದಲಾಯಿಸಬಹುದು. ಸಾಮಾನ್ಯವಾಗಿ ಪರಿಗಣಿಸುವುದು ಲ್ಯಾಮೋಟ್ರಿಜಿನ್ ಅಥವಾ ಲೆವೆಟಿರಾಸಿಟಮ್. ಬದಲಾವಣೆ ವಾರಗಟ್ಟಲೆ ಹಿಡಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಲ್ಯಾಮೋಟ್ರಿಜಿನ್ ಅನ್ನು ದಿನಕ್ಕೆ 50 ಮಿ.ಗ್ರಾಂನಿಂದ ಆರಂಭಿಸಿ, ಎರಡು ವಾರದ ನಂತರ 100ಕ್ಕೆ ಏರಿಸಿ, ಆಮೇಲೆ ಹಂತಹಂತವಾಗಿ ಹೆಚ್ಚಿಸಲಾಗುತ್ತದೆ. ಆತುರಪಟ್ಟರೆ ಚರ್ಮದ ಮೇಲೆ ಅಪಾಯಕಾರಿ ದದ್ದು ಏಳಬಹುದು. ಹೊಸ ಮಾತ್ರೆ ಸಾಕಷ್ಟು ಪ್ರಮಾಣಕ್ಕೆ ತಲುಪಿದ ಮೇಲೆಯೇ ಹಳೆಯದನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ. ಕಾರ್ಬಮಜೆಪಿನ್ ಇಳಿದಂತೆ ಲ್ಯಾಮೋಟ್ರಿಜಿನ್ ಮಟ್ಟ ತಾನಾಗಿ ಏರುವುದರಿಂದ ತಲೆಸುತ್ತು, ದೃಷ್ಟಿ ಎರಡಾಗುವುದು ಶುರುವಾದರೆ ವೈದ್ಯರಿಗೆ ತಿಳಿಸಬೇಕು. ಲೆವೆಟಿರಾಸಿಟಮ್ ಬೇಗ ಏರಿಸಬಹುದಾದರೂ ಕೆಲವರಲ್ಲಿ ಸಿಡುಕು, ಬೇಸರ ತರುತ್ತದೆ. ಬೇಸರ ಬಂದರೆ ಆಸೆ ಮತ್ತೆ ಕುಸಿಯುತ್ತದೆ. ಬದಲಾವಣೆಯ ಅವಧಿಯಲ್ಲಿ ಫಿಟ್ಸ್ ಮರುಕಳಿಸುವ ಸಾಧ್ಯತೆಯಿದೆ. ಹಾಗಾಗಿ ವಾಹನ ಓಡಿಸುವವರು ಮೊದಲೇ ಆ ಬಗ್ಗೆ ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು. ಯಾರನ್ನೂ ಕೇಳದೆ ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದಂತೂ ಜೀವಕ್ಕೇ ಅಪಾಯ. ಒಂದರ ಹಿಂದೊಂದು ಫಿಟ್ಸ್ ಬಂದು ನಿಲ್ಲದೇ ಹೋಗಬಹುದು.

ಔಷಧಿ ಬದಲಿಸಿದ ಕೆಲವು ತಿಂಗಳ ಬಳಿಕ ಅದೇ ಬೆಳಗಿನ ಪರೀಕ್ಷೆಯನ್ನು ಮತ್ತೆ ಮಾಡಿಸಿದರೆ ಎಸ್‌ಎಚ್‌ಬಿಜಿ ಇಳಿದಿದೆಯೇ ಎಂಬುದು ಗೊತ್ತಾಗುತ್ತದೆ. ಫಿಟ್ಸ್ ಇನ್ನೂ ಹತೋಟಿಗೆ ಬಾರದವರಲ್ಲಿ ಮೊದಲ ಕೆಲಸ ಅದನ್ನು ನಿಲ್ಲಿಸುವುದೇ. ಟೆಂಪೊರಲ್ ಹಾಲೆಯ ಶಸ್ತ್ರಚಿಕಿತ್ಸೆಯ ನಂತರ ಫಿಟ್ಸ್‌ನಿಂದ ಮುಕ್ತರಾದ ಕೆಲವು ಗಂಡಸರಲ್ಲಿ ಹಾರ್ಮೋನು ಸಹಜ ಸ್ಥಿತಿಗೆ ಮರಳಿದ್ದು ಕಂಡುಬಂದಿದೆ.

ಸಿಲ್ಡೆನಾಫಿಲ್ ನಿಮಿರುವಿಕೆಗೆ ನೆರವಾಗಬಲ್ಲದು, ಆಸೆಯನ್ನು ಹುಟ್ಟಿಸಲಾರದು. ಕಾರ್ಬಮಜೆಪಿನ್, ಫೆನಿಟಾಯಿನ್ ಸೇವಿಸುವವರಲ್ಲಿ ಯಕೃತ್ತು ಅದನ್ನು ಬೇಗ ಕರಗಿಸಿಬಿಡುವುದರಿಂದ ಪರಿಣಾಮ ತಗ್ಗುತ್ತದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ಬಳಸುವವರು ಅದನ್ನು ಮುಟ್ಟಲೇಬಾರದು. ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಕೊನೆಯ ಆಯ್ಕೆ. ಅದು ವೀರ್ಯಾಣುಗಳ ಉತ್ಪತ್ತಿಯನ್ನು ತಗ್ಗಿಸುವುದರಿಂದ ಮಗುವಿಗಾಗಿ ಕಾಯುತ್ತಿರುವ ದಂಪತಿಗೆ ಹೊಂದುವುದಿಲ್ಲ.