ಫೀಸಿಲ್ಲದ ಓದಿಗೆ ಎಷ್ಟು ಖರ್ಚು?

ಚಿಕ್ಕಪ್ಪನ ಮಗ ಕಳೆದ ತಿಂಗಳು ಫೋನ್ ಮಾಡಿ ಕೇಳಿದ: “ಅಕ್ಕಾ, ಜರ್ಮನಿಯಲ್ಲಿ ಫೀಸೇ ಇಲ್ಲವಂತಲ್ಲ, ಎಂ.ಎಸ್.ಗೆ ಹೋಗಲಾ? ಮುಲಾಜು ನೋಡದೆ ಹೇಳು.” ಅವನು ಶಿವಮೊಗ್ಗದ ಕಡೆಯವನು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ತಿಂಗಳಿಗೆ ಮೂವತ್ತೆರಡು ಸಾವಿರದ ಕೆಲಸದಲ್ಲಿದ್ದಾನೆ. ಅಲ್ಲಿ ಓದಿ ಬಂದವಳು ನಾನು. ಫೋನಿನಲ್ಲಿ ಮುಗಿಯುವ ಮಾತಲ್ಲ ಎನ್ನಿಸಿ ಬರೆದು ಕಳಿಸಿದೆ. ಇದೇ ಪ್ರಶ್ನೆ ಈಗ ಎಷ್ಟೋ ಮನೆಗಳಲ್ಲಿ ಇರುವುದರಿಂದ ಇಲ್ಲೂ ಕೊಡುತ್ತಿದ್ದೇನೆ.

ತಮ್ಮಾ,

ಮೊದಲು ಫೀಸಿನ ಮಾತು. ನೀನು ಕೇಳಿದ್ದು ಬಹುಮಟ್ಟಿಗೆ ನಿಜ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಸೆಮಿಸ್ಟರಿಗೆ ನೂರರಿಂದ ಮುನ್ನೂರೈವತ್ತು ಯೂರೋ ವಂತಿಗೆ ಕಟ್ಟಬೇಕು, ಅಷ್ಟೆ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕೊಡಬೇಕು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊಸದಾಗಿ ಸೇರುವ ಹೊರಗಿನವರಿಂದ ಶುಲ್ಕ ಪಡೆಯುತ್ತಿದೆ. ಇನ್ನು ಖಾಸಗಿ ಕಾಲೇಜುಗಳು. ಅವುಗಳ ಫೀಸು ನಮ್ಮ ಮನೆಯವರ ಕೈಗೆ ಎಟುಕುವುದಲ್ಲ. “ನಮಗೆ ನೀವು ಏನೂ ಕೊಡಬೇಕಿಲ್ಲ” ಎನ್ನುವ ಕನ್ಸಲ್ಟೆನ್ಸಿಯವರಲ್ಲಿ ಹಲವರಿಗೆ ಕಮಿಷನ್ ಬರುವುದು ಆ ಖಾಸಗಿ ಕಾಲೇಜುಗಳಿಂದ. ಅವರು ಕೊಟ್ಟ ಪಟ್ಟಿಯಲ್ಲಿರುವ ಪ್ರತಿ ಹೆಸರನ್ನೂ ಡಿಎಎಡಿ ಸಂಸ್ಥೆಯ ಕೋರ್ಸುಗಳ ಪಟ್ಟಿಯಲ್ಲಿ ಹುಡುಕಿ, ಶುಲ್ಕದ ಕಾಲಂ ನೋಡು. ಐದು ನಿಮಿಷದ ಕೆಲಸ.

ಫೀಸಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ವೀಸಾ ಸಿಗಬೇಕಾದರೆ ಬ್ಲಾಕ್ಡ್ ಅಕೌಂಟ್ ತೆರೆದು ಒಂದು ವರ್ಷದ ಜೀವನದ ಹಣವನ್ನು ಮುಂಚೆಯೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೂ ಹನ್ನೆರಡು ಲಕ್ಷ. ಅದು ಯಾರಿಗೂ ಕೊಡುವ ದುಡ್ಡಲ್ಲ, ನಿನ್ನದೇ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿನ್ನ ಕೈಗೆ ಬರುತ್ತದೆ. ಸಣ್ಣ ಊರಿನ ಹಾಸ್ಟೆಲಿನಲ್ಲಿ ಕೋಣೆ ಸಿಕ್ಕರೆ, ಆರೋಗ್ಯ ವಿಮೆಗೆ ನೂರೈವತ್ತರ ಆಸುಪಾಸು ಕಟ್ಟಿ, ಮನೆಯಲ್ಲೇ ಅಡುಗೆ ಮಾಡಿಕೊಂಡು ಅಷ್ಟರಲ್ಲಿ ನೆಮ್ಮದಿಯಾಗಿ ಇರಬಹುದು. ನಾನು ಇದ್ದದ್ದು ಅಂಥ ಊರಿನಲ್ಲೇ. ಮ್ಯೂನಿಕ್‌ನಲ್ಲಿ ಬಾಡಿಗೆಯೇ ಅದರ ಬಹುಪಾಲನ್ನು ನುಂಗುತ್ತದೆ.

ಹೊರಡುವವರು ಲೆಕ್ಕಕ್ಕೆ ಹಿಡಿಯದಿರುವುದು ಎರಡನೇ ವರ್ಷವನ್ನು. ವಾಸದ ಪರವಾನಗಿ ನವೀಕರಿಸುವಾಗ ಮುಂದಿನ ಅವಧಿಗೂ ಹಣ ಇದೆಯೆಂದು ಮತ್ತೆ ತೋರಿಸಬೇಕು. ಹಾಗೆಯೇ, ಕೋರ್ಸು ಕಾಗದದ ಮೇಲೆ ನಾಲ್ಕು ಸೆಮಿಸ್ಟರ್. ಪಾರ್ಟ್ ಟೈಮ್ ಕೆಲಸ ಮಾಡುತ್ತಾ, ಥೀಸಿಸ್‌ಗೆ ಕಂಪನಿ ಹುಡುಕುತ್ತಾ ಐದೋ ಆರೋ ಆಗುವುದನ್ನು ನನ್ನ ಜೊತೆಯವರಲ್ಲೇ ಕಂಡಿದ್ದೇನೆ. ಎರಡೂವರೆ ವರ್ಷಕ್ಕೆ ಮೂವತ್ತು ಲಕ್ಷ ಎಂದು ಬರೆದುಕೋ. ಅದರಲ್ಲಿ ಅರ್ಧದಷ್ಟನ್ನು ದುಡಿದು ಕಟ್ಟಬಹುದು, ದುಡಿಯುವ ಕೆಲಸ ಎಂಥದು ಎಂಬುದರ ಮೇಲೆ.

ಇಲ್ಲೇ ನಾನು ನಿನಗೆ ಹೇಳಬೇಕಾದ ಮುಖ್ಯ ಮಾತು ಇರುವುದು. ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿ ಇದೆ. ಜರ್ಮನ್ ಬಾರದವನಿಗೆ ಸುಲಭವಾಗಿ ಸಿಗುವುದು ಗೋದಾಮು, ಅಡುಗೆಮನೆ, ಮನೆಮನೆಗೆ ಊಟ ಮುಟ್ಟಿಸುವ ಕೆಲಸ. ಸಂಬಳ ಕನಿಷ್ಠ ಕೂಲಿಗೆ ಕಡಿಮೆಯಿಲ್ಲ, ತಿಂಗಳು ಸಾಗುತ್ತದೆ. ಆದರೆ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಪರೀಕ್ಷೆಗೆ ಕೂತವರ ಗತಿ ನೋಡಿದ್ದೇನೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯಕ್ಕೆ ಮೂರೇ ಪ್ರಯತ್ನ; ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ. ನಮ್ಮಲ್ಲಿಯಂತೆ ಬ್ಯಾಕ್ ಇಟ್ಟುಕೊಂಡು ಮುಂದೆ ಹೋಗುವುದಕ್ಕೆ ಅಲ್ಲಿ ಹೀಗೊಂದು ಕೊನೆ ಇದೆ.

ಅದೇ ಹುಡುಗನಿಗೆ ಭಾಷೆ ಗೊತ್ತಿದ್ದರೆ ‘ವೆರ್ಕ್‌ಸ್ಟುಡೆಂಟ್’ ಆಗಿ ಕಂಪನಿಯೊಳಗೇ ಹೋಗಬಹುದು. ಕಲಿಕೆಯ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ, ಓದಿಗೆ ಹೊಂದುವ ಕೆಲಸ, ಮುಂದೆ ಅಲ್ಲೇ ಥೀಸಿಸ್, ಆಮೇಲೆ ಎಷ್ಟೋ ಸಲ ನೌಕರಿಯೂ ಅಲ್ಲೇ. ಸಾಫ್ಟ್‌ವೇರ್‌ನವರು ಇಂಗ್ಲಿಷಿನಲ್ಲೇ ನಿಭಾಯಿಸುವುದುಂಟು. ನಿನ್ನದು ಮೆಕ್ಯಾನಿಕಲ್. ಯಂತ್ರದ ಪಕ್ಕ ನಿಂತ ಮೇಸ್ತ್ರಿ, ಬಿಡಿಭಾಗ ಪೂರೈಸುವವನು, ಸುರಕ್ಷತೆಯ ಸೂಚನೆ ಎಲ್ಲವೂ ಜರ್ಮನ್. ಕೋರ್ಸು ಇಂಗ್ಲಿಷಿನಲ್ಲಿದೆ ಎಂಬ ಧೈರ್ಯದಲ್ಲಿ ಹೋದವರು, ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಸಿಗುವ ಹದಿನೆಂಟು ತಿಂಗಳಲ್ಲಿ ಭಾಷೆ ಕಲಿಯಲು ಕೂರುತ್ತಾರೆ. ನಾನೂ ಹಾಗೆಯೇ ಮಾಡಿದೆ. ಏಳು ತಿಂಗಳು ಸಂದರ್ಶನದ ಕರೆಯೇ ಬರಲಿಲ್ಲ.

ಆದ್ದರಿಂದ ಈ ಅಕ್ಟೋಬರ್‌ಗೆ ಹೊರಡಬೇಡ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆ ಒಳ್ಳೆಯ ತರಗತಿಯಲ್ಲೋ ಸೇರಿ, ಕೆಲಸದ ಜೊತೆಗೇ ಬಿ1 ಹಂತ ಮುಗಿಸು. ಒಂದು ವರ್ಷವಾದರೂ ಬೇಕು. ಆ ವರ್ಷದಲ್ಲಿ ಸಂಬಳವೂ ಬರುತ್ತದೆ, ಸಾಲದ ಗಾತ್ರ ಅಷ್ಟು ಇಳಿಯುತ್ತದೆ. ಒಂದು ವೇಳೆ ಎ2 ದಾಟುವಷ್ಟರಲ್ಲೇ ಬೇಸರ ಬಂದರೆ ಅದೂ ಒಂದು ಉತ್ತರವೇ, ಹನ್ನೆರಡು ಲಕ್ಷ ಇಡುವ ಮುಂಚೆ ಸಿಕ್ಕ ಉತ್ತರ.

ಸೀಟು ಸಿಗುತ್ತದೆಯೇ ಎಂದೂ ಕೇಳಿದ್ದೀಯ. ಅಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸು. ನಮ್ಮ ಅಂಕವನ್ನು ಅದಕ್ಕೆ ತಿರುಗಿಸಲು ಬವೇರಿಯಾ ಸೂತ್ರ ಎಂಬುದೊಂದಿದೆ. ಗರಿಷ್ಠದಿಂದ ನಿನ್ನದನ್ನು ಕಳೆ, ಗರಿಷ್ಠ ಮತ್ತು ಪಾಸಿನ ಕನಿಷ್ಠದ ವ್ಯತ್ಯಾಸದಿಂದ ಭಾಗಿಸು, ಮೂರರಿಂದ ಗುಣಿಸಿ ಒಂದು ಸೇರಿಸು. ನಿನ್ನದು 7.3. ಪಾಸಿನ ಕನಿಷ್ಠ 4 ಎಂದಾದರೆ ಉತ್ತರ 2.35. ಕನಿಷ್ಠ 5 ಎಂದಾದರೆ 2.62. ಹಲವು ಕೋರ್ಸುಗಳು 2.5ಕ್ಕಿಂತ ಹೆಚ್ಚಿದ್ದರೆ ಅರ್ಜಿಯನ್ನು ಪಕ್ಕಕ್ಕಿಡುತ್ತವೆ. ಅಂದರೆ ಅದೇ ಅಂಕ, ಅದೇ ಹುಡುಗ, ಅಂಕಪಟ್ಟಿಯಲ್ಲಿ ಅಚ್ಚಾದ ಒಂದು ಸಂಖ್ಯೆಯಿಂದ ಒಳಗೋ ಹೊರಗೋ ಆಗುತ್ತಾನೆ. ಅಲ್ಲಿ ಏನೂ ಅಚ್ಚಾಗಿಲ್ಲದಿದ್ದರೆ ಕಾಲೇಜಿನಿಂದ ಪತ್ರ ತೆಗೆದುಕೋ.

ಕೊನೆಗೆ ಸಾಲ. ಏಳೂವರೆ ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಚಿಕ್ಕಪ್ಪ ಅಡಿಕೆ ತೋಟದ ಮಾತು ಎತ್ತಿದ್ದು ಅದಕ್ಕೇ. ಹದಿನೈದು ಲಕ್ಷವನ್ನು ಹತ್ತೂವರೆ ಬಡ್ಡಿಗೆ ಏಳು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಇಪ್ಪತ್ತೈದು ಸಾವಿರ. ಓದುವಾಗ ಕೂಡಿಕೊಂಡ ಬಡ್ಡಿ ಬೇರೆ. ಅಲ್ಲಿ ಕೆಲಸ ಸಿಕ್ಕವನಿಗೆ ಅದು ಎರಡು ಮೂರು ವರ್ಷದಲ್ಲಿ ತೀರುವ ಸಾಲ, ನಾನು ಹಾಗೆಯೇ ತೀರಿಸಿದೆ. ಕೆಲಸ ಸಿಗದೆ ಊರಿಗೆ ಬಂದರೆ ನಿನ್ನ ಈಗಿನ ಸಂಬಳದಲ್ಲಿ ಏಳು ಸಾವಿರ ಉಳಿಯುತ್ತದೆ. ಆ ಏಳು ಸಾವಿರದ ಮಾತನ್ನು ಚಿಕ್ಕಪ್ಪ, ಚಿಕ್ಕಮ್ಮನ ಮುಂದೆ ಕೂತು ಬಾಯಿಬಿಟ್ಟು ಆಡು. ಅವರು ಅದನ್ನು ಕೇಳಿಸಿಕೊಂಡ ಮೇಲೂ ಹೂಂ ಎಂದರೆ ನಾನೂ ನಿನ್ನ ಜೊತೆಗಿದ್ದೇನೆ.

ಸದ್ಯಕ್ಕೆ ತೋಟದ ಪಹಣಿಯನ್ನು ಬ್ಯಾಂಕಿಗೆ ಒಯ್ಯುವುದು ಬೇಡ ಎಂದು ಅಪ್ಪನಿಗೆ ಹೇಳು. ನಿನ್ನ ಅಂಕಪಟ್ಟಿಯ ಎರಡೂ ಬದಿಯ ಫೋಟೊ ಕಳಿಸು. ಕನಿಷ್ಠ ನಾಲ್ಕೋ ಐದೋ ನೋಡೋಣ.